ಸಾವಿರ ಡಾಲರ್ ಹೊರಟಿತು, ಕೈಗೆ ಬಂದದ್ದೆಷ್ಟು?

ಧಾರವಾಡದಲ್ಲಿ ಕೂತು ಅಮೆರಿಕದ ಸಣ್ಣ ಕಂಪನಿಯೊಂದಕ್ಕೆ ಲೋಗೊ, ಕರಪತ್ರ, ವೆಬ್‌ಸೈಟಿನ ಚಿತ್ರಗಳನ್ನು ಮಾಡಿಕೊಡುವ ಡಿಸೈನರ್ ಒಬ್ಬಳಿದ್ದಾಳೆ ಎಂದಿಟ್ಟುಕೊಳ್ಳಿ. ತಿಂಗಳ ಕೆಲಸಕ್ಕೆ 1,000 ಡಾಲರ್ ಬಿಲ್ ಕಳಿಸಿದ್ದಾಳೆ. ಅಂದು ಫೋನಿನಲ್ಲಿ ನೋಡಿದರೆ ಡಾಲರ್ ದರ 85 ರೂಪಾಯಿ. ಮನಸ್ಸಿನಲ್ಲೇ 85,000 ರೂಪಾಯಿ ಎಂದು ಲೆಕ್ಕ ಹಾಕಿಕೊಂಡಿದ್ದಾಳೆ. ಮೂರು ದಿನ ಕಳೆದು ಬ್ಯಾಂಕಿನ ಮೆಸೇಜು ಬರುತ್ತದೆ: ಖಾತೆಗೆ 81,642 ರೂಪಾಯಿ 35 ಪೈಸೆ ಜಮಾ. ಕಂಪನಿಗೆ ಬರೆದು ಕೇಳಿದರೆ, 'ನಾವು ಪೂರ್ತಿ ಸಾವಿರ ಕಳಿಸಿದ್ದೇವೆ, ಅದರ ಮೇಲೆ ನಮ್ಮ ಬ್ಯಾಂಕು 45 ಡಾಲರ್ ಶುಲ್ಕ ಬೇರೆ ತೆಗೆದುಕೊಂಡಿದೆ' ಎಂಬ ಉತ್ತರ. ಶಾಖೆಗೆ ಹೋಗಿ, "ಸರ, ಅವರು ಸಾವಿರ ಡಾಲರ್ ಕಳಿಸ್ಯಾರಂತ, ನನಗ ಯಾಕ ಕಡಿಮಿ ಬಂತ್ರೀ?" ಎಂದರೆ, "ನಮ್ಮ ಕಡೆ ಬಂದಿದ್ದ 980 ಡಾಲರ್ ನೋಡ್ರೀ" ಎಂಬ ಉತ್ತರ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಾಗಾದರೆ 3,357 ರೂಪಾಯಿ 65 ಪೈಸೆ ಹೋದದ್ದೆಲ್ಲಿ? ಈ ಮೊತ್ತ ಒಂದೇ ಕಡೆ ಹೋಗಿಲ್ಲ. ನಾಲ್ಕು ಕಡೆ ಸ್ವಲ್ಪ ಸ್ವಲ್ಪ ಕಡಿತವಾಗಿದೆ, ಮತ್ತು ಆ ನಾಲ್ಕರಲ್ಲಿ ಒಂದಕ್ಕೆ ಯಾವ ರಸೀತಿಯಲ್ಲೂ 'ಶುಲ್ಕ' ಎಂಬ ಹೆಸರೇ ಇರುವುದಿಲ್ಲ. ಮೇಲಿನ ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲೆಂದು ನಾನೇ ಆರಿಸಿಕೊಂಡಿದ್ದೇನೆ. ಆದರೆ ಹಣ ಸೋರುವ ಜಾಗಗಳು ಮಾತ್ರ ವಿದೇಶದಿಂದ ವೈರ್ ಮೂಲಕ ಹಣ ಪಡೆಯುವ ಯಾರಿಗಾದರೂ ಇವೇ.

ಮೊದಲು 20 ಡಾಲರ್ ವಿಷಯ. ವೈರ್ ಟ್ರಾನ್ಸ್‌ಫರ್ ಎಂದರೆ ಅಮೆರಿಕದ ಬ್ಯಾಂಕಿನಿಂದ ಡಾಲರ್ ಹೊರಟು ಧಾರವಾಡಕ್ಕೆ ಬಂದು ಇಳಿಯುತ್ತದೆ ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ಹಾಗೆ ಆಗುವುದಿಲ್ಲ. ಡಾಲರ್ ಅಮೆರಿಕ ಬಿಟ್ಟು ಕದಲುವುದೇ ಇಲ್ಲ. ಭಾರತದ ಪ್ರತಿ ದೊಡ್ಡ ಬ್ಯಾಂಕೂ ನ್ಯೂಯಾರ್ಕಿನ ಯಾವುದಾದರೂ ಬ್ಯಾಂಕಿನಲ್ಲಿ ಡಾಲರ್ ಖಾತೆ ಇಟ್ಟುಕೊಂಡಿರುತ್ತದೆ. ಬ್ಯಾಂಕಿನವರು ಅದನ್ನು ನೋಸ್ಟ್ರೋ ಖಾತೆ ಎನ್ನುತ್ತಾರೆ. ಕಳಿಸುವವರ ಬ್ಯಾಂಕು ಆ ಖಾತೆಗೆ ಡಾಲರ್ ಜಮಾ ಆಗುವಂತೆ ಮಾಡುತ್ತದೆ. 'ಇಂಥವರ ಖಾತೆಗೆ ಕೊಡಿ' ಎಂಬ ಸಂದೇಶ ಸ್ವಿಫ್ಟ್ ಜಾಲದಲ್ಲಿ ಭಾರತಕ್ಕೆ ಬರುತ್ತದೆ. ಬೆಲ್ಜಿಯಂನಲ್ಲಿ 1973ರಲ್ಲಿ ಹುಟ್ಟಿದ ಸ್ವಿಫ್ಟ್ ಸಂಸ್ಥೆ ಹಣ ಸಾಗಿಸುವುದಿಲ್ಲ, ಸಂದೇಶಗಳನ್ನಷ್ಟೇ ಸಾಗಿಸುತ್ತದೆ. ಸಂದೇಶ ನೋಡಿ ನಮ್ಮ ಬ್ಯಾಂಕು ನ್ಯೂಯಾರ್ಕಿನ ಡಾಲರನ್ನು ತಾನಿಟ್ಟುಕೊಂಡು, ಅದರ ಬದಲಿಗೆ ಇಲ್ಲಿ ರೂಪಾಯಿ ಕೊಡುತ್ತದೆ.

ಕಳಿಸುವ ಕಂಪನಿಯ ಖಾತೆ ಊರ ಮಟ್ಟದ ಸಣ್ಣ ಬ್ಯಾಂಕಿನಲ್ಲಿದ್ದರೆ ಆ ಬ್ಯಾಂಕಿಗೆ ವಿದೇಶಿ ವ್ಯವಹಾರದ ನೇರ ಏರ್ಪಾಡು ಇರುವುದು ಕಡಿಮೆ. ಅದು ದೊಡ್ಡ ಬ್ಯಾಂಕೊಂದರ ಮೂಲಕ ಕಳಿಸುತ್ತದೆ. ಆ ದೊಡ್ಡ ಬ್ಯಾಂಕು ನಮ್ಮ ಬ್ಯಾಂಕಿನ ನೋಸ್ಟ್ರೋ ಖಾತೆ ಇರುವ ಮತ್ತೊಂದು ಬ್ಯಾಂಕಿಗೆ ದಾಟಿಸುತ್ತದೆ. ಹೀಗೆ ಮಧ್ಯೆ ನಿಂತ ಪ್ರತಿಯೊಬ್ಬರೂ ತಮ್ಮ ಕೆಲಸಕ್ಕೆ ಕೂಲಿ ತೆಗೆದುಕೊಳ್ಳಬಹುದು. ಸಾಮಾನ್ಯವಾಗಿ ಅದು ಒಂದೊಂದು ಬ್ಯಾಂಕಿಗೆ ಹತ್ತರಿಂದ ಇಪ್ಪತ್ತೈದು ಡಾಲರಿನ ಆಸುಪಾಸು. ಬಿಲ್ ಬರೆದು ಕಳಿಸಿ ವಸೂಲು ಮಾಡುವ ಗೋಜು ಅವರಿಗಿಲ್ಲ. ಸಾಗುತ್ತಿರುವ ಮೊತ್ತದಿಂದಲೇ ಮುರಿದುಕೊಂಡು ಉಳಿದದ್ದನ್ನು ಮುಂದೆ ತಳ್ಳುತ್ತಾರೆ. ಹಾಗಾಗಿ ಕಳಿಸಿದವರ ಖಾತೆಯಲ್ಲಿ 1,000 ಖರ್ಚು, ನಮ್ಮ ಬ್ಯಾಂಕಿಗೆ ಬಂದದ್ದು 980.

ಈ ಕೂಲಿಯನ್ನು ಯಾರು ಕೊಡಬೇಕು ಎಂಬುದು ಹಣ ಕಳಿಸುವ ಕ್ಷಣದಲ್ಲೇ ತೀರ್ಮಾನವಾಗಿರುತ್ತದೆ. ಅದಕ್ಕೆ ಮೂರೇ ಆಯ್ಕೆ. OUR ಎಂದರೆ ದಾರಿಯ ಖರ್ಚೆಲ್ಲ ಕಳಿಸುವವರದು. BEN ಎಂದರೆ ಎಲ್ಲವೂ ಪಡೆಯುವವರ ಹಣದಿಂದ. SHA ಎಂದರೆ ಹಂಚಿಕೆ: ಕಳಿಸುವವರು ತಮ್ಮ ಬ್ಯಾಂಕಿನ ಶುಲ್ಕ ಕೊಡುತ್ತಾರೆ, ಅಲ್ಲಿಂದ ಮುಂದಿನದೆಲ್ಲ ಪಡೆಯುವವರ ಪಾಲಿಗೆ. ಏನೂ ಹೇಳದೆ ಕಳಿಸಿದರೆ ಬಹಳಷ್ಟು ಬ್ಯಾಂಕುಗಳಲ್ಲಿ ಅದು SHA ಆಗಿಯೇ ಹೋಗುತ್ತದೆ. ನಮ್ಮ ಡಿಸೈನರಿಗೆ ಆದದ್ದೂ ಅದೇ. ಕಂಪನಿಯವರು 45 ಡಾಲರ್ ಶುಲ್ಕ ಕೊಟ್ಟಿದ್ದರಿಂದ ಎಲ್ಲ ಖರ್ಚೂ ಮುಗಿಯಿತೆಂದು ಪ್ರಾಮಾಣಿಕವಾಗಿಯೇ ನಂಬಿದ್ದರು. ಅದು ಅವರ ಬ್ಯಾಂಕಿನ ಪಾಲು ಮಾತ್ರವಾಗಿತ್ತು.

ಇದನ್ನು ಊಹೆಯಲ್ಲಿ ಬಿಡಬೇಕಾಗಿಲ್ಲ, ಕಾಗದದಲ್ಲೇ ನೋಡಬಹುದು. ಕಳಿಸಿದವರು ತಮ್ಮ ಬ್ಯಾಂಕನ್ನು 'ಸ್ವಿಫ್ಟ್ ಕಾಪಿ' ಕೇಳಿದರೆ ಕೊಡುತ್ತಾರೆ. ನಮ್ಮ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲೂ, ತನಗೆ ಬಂದ ಸಂದೇಶದ ಪ್ರತಿ ಇರುತ್ತದೆ. ಹಲವು ದಶಕಗಳಿಂದ ಬಳಕೆಯಲ್ಲಿದ್ದ MT103 ಎಂಬ ನಮೂನೆಯಲ್ಲಿ, ನಮ್ಮ ಬ್ಯಾಂಕಿಗೆ ಬಂದು ತಲುಪಿದ ಸಂದೇಶದ ಮುಖ್ಯ ಸಾಲುಗಳು ಹೀಗಿರುತ್ತವೆ:

```
:32A:250612USD980,00
:33B:USD1000,00
:71A:SHA
:71F:USD20,00
```

33B ಸಾಲಿನಲ್ಲಿರುವುದು ಕಳಿಸಿದವರು ಹೇಳಿದ ಮೊತ್ತ. 32A ಸಾಲಿನಲ್ಲಿ ದಿನಾಂಕದ ಜೊತೆ ನಿಜವಾಗಿ ಮುಂದೆ ದಾಟಿದ ಮೊತ್ತ. 71A ಸಾಲು ಖರ್ಚು ಯಾರದೆಂದು ಹೇಳುತ್ತದೆ. 71F ಸಾಲು ದಾರಿಯಲ್ಲಿ ಎಷ್ಟು ಮುರಿದರೆಂದು. ಇಬ್ಬರು ಮುರಿದಿದ್ದರೆ 71F ಎರಡು ಸಲ ಬರುತ್ತದೆ, ಮುರಿದ ಕ್ರಮದಲ್ಲೇ. ನವೆಂಬರ್ 2025ರಿಂದ ಗಡಿಯಾಚೆಯ ಪಾವತಿಗೆ ಬ್ಯಾಂಕುಗಳ ನಡುವೆ MT103 ಬದಲು pacs.008 ಎಂಬ ಹೊಸ ನಮೂನೆ ನಡೆಯುತ್ತಿದೆ. ಅದರಲ್ಲಿ SHA ಇದ್ದಲ್ಲಿ SHAR, OUR ಇದ್ದಲ್ಲಿ DEBT, BEN ಇದ್ದಲ್ಲಿ CRED ಎಂದಿರುತ್ತದೆ. ಅರ್ಥ ಅದೇ. ಒಂದು ಎಚ್ಚರ: ಕಳಿಸಿದವರ ಬ್ಯಾಂಕು ಕೊಡುವ ಪ್ರತಿ ಹಣ ಹೊರಡುವ ಹೊತ್ತಿನದು. ಅದರಲ್ಲಿ 1,000 ಎಂದೇ ಇರುತ್ತದೆ, ಮುಂದಿನ ಕಡಿತ ಕಾಣುವುದಿಲ್ಲ. ಕಡಿತ ಕಾಣಬೇಕಾದರೆ ನಮ್ಮ ಬ್ಯಾಂಕಿಗೆ ತಲುಪಿದ ಪ್ರತಿ ಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟರೆ ವಾದಕ್ಕೆ ಜಾಗವೇ ಉಳಿಯುವುದಿಲ್ಲ.

ಹಣ ಎಲ್ಲಿದೆ, ಯಾರ ಬಳಿ ನಿಂತಿದೆ ಎಂದು ಹುಡುಕಲು ಇನ್ನೊಂದು ಹಿಡಿ ಇದೆ. ಪ್ರತಿ ಪಾವತಿಗೂ UETR ಎಂಬ 36 ಅಕ್ಷರಗಳ ಗುರುತು ಇರುತ್ತದೆ. ಅದನ್ನು ಕಳಿಸಿದವರಿಂದ ತರಿಸಿಕೊಂಡು ನಮ್ಮ ಬ್ಯಾಂಕಿಗೆ ಕೊಟ್ಟರೆ, ಆ ಪಾವತಿ ಯಾವ ಯಾವ ಬ್ಯಾಂಕು ದಾಟಿ ಬಂತು, ಎಲ್ಲಿ ಎಷ್ಟು ಮುರಿಯಿತು ಎಂಬುದನ್ನು ಅವರು ತಮ್ಮ ಪರದೆಯಲ್ಲಿ ನೋಡಿ ಹೇಳಲು ಸಾಧ್ಯ. ಶಾಖೆಯ ಕೌಂಟರಿನಲ್ಲಿ ಇದು ಎಲ್ಲರಿಗೂ ತಿಳಿದಿರುವುದಿಲ್ಲ. ವಿದೇಶಿ ವಿನಿಮಯ ನೋಡಿಕೊಳ್ಳುವ ವಿಭಾಗಕ್ಕೆ ಕಳಿಸಿ ಎಂದು ಕೇಳಬೇಕಾಗುತ್ತದೆ.

ಈಗ ಎರಡನೆಯ ಸೋರಿಕೆಗೆ ಬರೋಣ. ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು, ಏಕೆಂದರೆ ಇದು ಕಾಣುವುದಿಲ್ಲ.

ಫೋನಿನಲ್ಲಿ ಕಂಡ 85 ರೂಪಾಯಿ ಬ್ಯಾಂಕುಗಳು ತಮ್ಮತಮ್ಮಲ್ಲಿ ದೊಡ್ಡ ಮೊತ್ತಕ್ಕೆ ಕೊಡುಕೊಳ್ಳುವ ದರದ ಮಧ್ಯಬಿಂದು. ಆ ದರ ನಮಗೆ ಸಿಗುವುದಿಲ್ಲ. ಬಂಗಾರದ ಅಂಗಡಿಯಲ್ಲಿ ಅವರು ನಮಗೆ ಮಾರುವ ದರ ಒಂದು, ನಮ್ಮಿಂದ ಕೊಳ್ಳುವ ದರ ಇನ್ನೊಂದು ಇರುವಂತೆ ಬ್ಯಾಂಕಿಗೂ ಎರಡು ದರ. ನಮ್ಮ ಡಾಲರನ್ನು ಬ್ಯಾಂಕು ಕೊಳ್ಳುತ್ತಿದೆ, ಆದ್ದರಿಂದ ಅನ್ವಯಿಸುವುದು ಅದರ 'ಟಿಟಿ ಬೈಯಿಂಗ್' ದರ. ಬೆಳಿಗ್ಗೆ ವ್ಯವಹಾರ ಶುರುವಾದ ಮೇಲೆ ಬ್ಯಾಂಕು ಅಂದಿನ ದರಪಟ್ಟಿ ಹೊರಡಿಸುತ್ತದೆ. ಅದನ್ನೇ ಕಾರ್ಡ್ ರೇಟ್ ಎನ್ನುವುದು. ನಮ್ಮ ಉದಾಹರಣೆಯಲ್ಲಿ ಅದು 83 ರೂಪಾಯಿ 70 ಪೈಸೆ. ಮಧ್ಯದರಕ್ಕೂ ಇದಕ್ಕೂ ಇರುವ 1 ರೂಪಾಯಿ 30 ಪೈಸೆಯ ಅಂತರವೇ ಬ್ಯಾಂಕಿನ ಮಾರ್ಜಿನ್. ಶೇಕಡಾ ಲೆಕ್ಕದಲ್ಲಿ ಸುಮಾರು 1.53. ಬಂದ 980 ಡಾಲರಿಗೆ 1,274 ರೂಪಾಯಿ ಹೀಗೆ ಹೋಯಿತು.

ಮಾರ್ಜಿನ್ ಇಟ್ಟುಕೊಳ್ಳುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಬೆಳಿಗ್ಗೆ ದರ ಪ್ರಕಟಿಸಿದ ಬ್ಯಾಂಕು ಸಂಜೆವರೆಗೆ ರೂಪಾಯಿ ಏರಿಳಿದರೆ ಅದರ ನಷ್ಟಕ್ಕೆ ಸಿದ್ಧವಾಗಿರಬೇಕು. ಚಿಲ್ಲರೆ ಮೊತ್ತಗಳನ್ನು ಒಟ್ಟುಗೂಡಿಸಿ ಮಾರುಕಟ್ಟೆಯಲ್ಲಿ ಮಾರಬೇಕು, ಕಾಗದಪತ್ರ ನೋಡಬೇಕು. ಅದಕ್ಕೆಲ್ಲ ಖರ್ಚಿದೆ, ಲಾಭವೂ ಬೇಕು. ತಪ್ಪಿರುವುದು ಇದನ್ನು ಶುಲ್ಕವೆಂದು ತೋರಿಸದೆ ಇರುವುದರಲ್ಲಿ. ಬ್ಯಾಂಕಿನ ಚೀಟಿಯಲ್ಲಿ '980 ಡಾಲರ್, ದರ 83.70' ಎಂದಷ್ಟೇ ಇರುತ್ತದೆ. ಕೆಳಗೆ 'ಶುಲ್ಕ 200 ರೂಪಾಯಿ' ಎಂದು ಕಂಡಾಗ ಗ್ರಾಹಕ ಆ ಇನ್ನೂರಕ್ಕೆ ಜಗಳ ಮಾಡುತ್ತಾನೆ. ಅದರ ಆರು ಪಟ್ಟು ಮೇಲಿನ ಸಾಲಿನಲ್ಲೇ ಹೋಗಿರುವುದು ಅವನ ಗಮನಕ್ಕೆ ಬರುವುದಿಲ್ಲ.

ಮಾರ್ಜಿನ್ ಎಷ್ಟೆಂದು ನೀವೇ ಕಂಡುಹಿಡಿಯಬಹುದು. ಅಂದಿನ ಮಧ್ಯದರದಿಂದ ಬ್ಯಾಂಕು ಕೊಟ್ಟ ದರ ಕಳೆಯಿರಿ, ಬಂದದ್ದನ್ನು ಮಧ್ಯದರದಿಂದ ಭಾಗಿಸಿ ನೂರರಿಂದ ಗುಣಿಸಿ. ಆದರೆ ಮಧ್ಯದರ ಯಾವುದು ಎನ್ನುವಲ್ಲಿ ಜನ ಎಡವುತ್ತಾರೆ. ಹಣ ಕಳಿಸಿದ ದಿನದ ದರವನ್ನು ಹಿಡಿದು ಬ್ಯಾಂಕಿನೊಂದಿಗೆ ವಾದಿಸುತ್ತಾರೆ. ಅನ್ವಯಿಸುವುದು ಬ್ಯಾಂಕು ಡಾಲರನ್ನು ರೂಪಾಯಿಗೆ ಬದಲಿಸಿದ ದಿನದ ದರ. ಮಧ್ಯೆ ಮೂರು ದಿನ ಕಳೆದಿದ್ದು ರೂಪಾಯಿ ಬಲವಾಗಿದ್ದರೆ ಕಡಿಮೆ ಬರುತ್ತದೆ. ಅದು ಯಾರೂ ಮಾಡಿದ ಕಡಿತವಲ್ಲ. ಹೋಲಿಕೆಗೆ ನಂಬಬಹುದಾದ ದರವೆಂದರೆ ಎಫ್‌ಬಿಐಎಲ್ ಪ್ರತಿ ಕೆಲಸದ ದಿನ ಪ್ರಕಟಿಸುವ ಉಲ್ಲೇಖ ದರ. ಮೊದಲು ರಿಸರ್ವ್ ಬ್ಯಾಂಕ್ ತಾನೇ ಹೊರಡಿಸುತ್ತಿದ್ದ ಈ ದರವನ್ನು ಜುಲೈ 2018ರಿಂದ ಈ ಸಂಸ್ಥೆ ಹೊರಡಿಸುತ್ತಿದೆ.

ಹಣ ಇಲ್ಲಿ ಬಂದು ನಿಂತಿದ್ದರೂ ಬದಲಾಗದೆ ಉಳಿಯುವುದಕ್ಕೆ ಬಹುಪಾಲು ಕಾರಣ ಒಂದು ಚಿಕ್ಕ ಕಾಗದ. ವಿದೇಶದಿಂದ ಬಂದ ಹಣ ಯಾವ ಕಾರಣಕ್ಕೆ ಎಂದು ಬ್ಯಾಂಕಿಗೆ ತಿಳಿಸಬೇಕು. ಅದಕ್ಕೆ ಪರ್ಪಸ್ ಕೋಡ್ ಎಂದು ಹೆಸರು. ಮಗ ಮನೆಖರ್ಚಿಗೆ ಕಳಿಸಿದ್ದರೆ P1301, ಸಾಫ್ಟ್‌ವೇರ್ ಸಲಹೆಯ ಕೆಲಸಕ್ಕಾದರೆ P0802, ಹೀಗೆ ಒಂದೊಂದಕ್ಕೆ ಒಂದು. ಬ್ಯಾಂಕು ಕೇಳಿ ಕಳಿಸಿದ ಇಮೇಲ್ ನೋಡದೆ ಬಿಟ್ಟರೆ ದಿನಗಳು ಕಳೆಯುತ್ತವೆ, ದರ ಬದಲಾಗುತ್ತಿರುತ್ತದೆ.

ದರಪಟ್ಟಿಯಲ್ಲೇ ಇನ್ನೊಂದು ಗಮನಿಸಬೇಕಾದ ಅಂಶವಿದೆ. ಅದರಲ್ಲಿ ಟಿಟಿ ಬೈಯಿಂಗ್ ಜೊತೆಗೆ ಬಿಲ್ ಬೈಯಿಂಗ್, ಕರೆನ್ಸಿ ಬೈಯಿಂಗ್ ಎಂಬ ಬೇರೆ ದರಗಳೂ ಇರುತ್ತವೆ. ಕರೆನ್ಸಿ ದರ ಕೈಯಲ್ಲಿ ಹಿಡಿದು ತಂದ ನೋಟುಗಳಿಗೆ, ಅದು ಇನ್ನೂ ಕಡಿಮೆ. ವೈರ್ ಮೂಲಕ ಬಂದ ಹಣಕ್ಕೆ ಸಿಗಬೇಕಾದದ್ದು ಟಿಟಿ ಬೈಯಿಂಗ್. ಚೀಟಿಯ ದರವನ್ನು ಅಂದಿನ ಪಟ್ಟಿಯೊಂದಿಗೆ ಹೋಲಿಸಿ ನೋಡುವುದು ಎರಡು ನಿಮಿಷದ ಕೆಲಸ.

ಕಾರ್ಡ್ ರೇಟ್ ಕಲ್ಲಿನ ಮೇಲೆ ಕೆತ್ತಿದ್ದಲ್ಲ ಎಂಬುದನ್ನೂ ಹೇಳಬೇಕು. ತಿಂಗಳು ತಿಂಗಳು ಹಣ ಬರುತ್ತಿದ್ದರೆ, ಮೊತ್ತ ದೊಡ್ಡದಿದ್ದರೆ, ಪರಿವರ್ತನೆಗೆ ಮೊದಲು ಶಾಖೆಯ ಮ್ಯಾನೇಜರರಿಗೆ ಹೇಳಿ ಟ್ರೆಜರಿಯಿಂದ ಬೇರೆ ದರ ಕೇಳಿಸಬಹುದು. ಡಾಲರಿಗೆ 50 ಪೈಸೆ ಹೆಚ್ಚು ಸಿಕ್ಕರೂ ವರ್ಷದಲ್ಲಿ 12,000 ಡಾಲರಿಗೆ 6,000 ರೂಪಾಯಿ. ಇದಕ್ಕೆ ಸರಿಯಾದ ಹೊತ್ತು ಹಣ ಜಮಾ ಆಗುವ ಮೊದಲು. ಜಮಾ ಆದ ಮೇಲೆ ಆ ವ್ಯವಹಾರ ಮುಗಿಯಿತು, ದರ ಬದಲಿಸಲು ಯಾರೂ ಒಪ್ಪುವುದಿಲ್ಲ. ರಿಸರ್ವ್ ಬ್ಯಾಂಕ್ ಕಡೆಯಿಂದಲೂ ಒಂದು ದಾರಿ ಇದೆ. ಕ್ಲಿಯರಿಂಗ್ ಕಾರ್ಪೊರೇಷನ್ ನಡೆಸುವ ಎಫ್ಎಕ್ಸ್-ರಿಟೇಲ್ ಎಂಬ ವೇದಿಕೆ 2019ರ ಆಗಸ್ಟಿನಿಂದ ಇದೆ. ಅಲ್ಲಿ ಸಾಮಾನ್ಯ ಗ್ರಾಹಕನೂ ಮಾರುಕಟ್ಟೆ ದರದಲ್ಲೇ ಡಾಲರ್ ಮಾರಬಹುದು, ಬ್ಯಾಂಕು ತನ್ನ ಶುಲ್ಕವನ್ನು ಪ್ರತ್ಯೇಕವಾಗಿ ತೋರಿಸಬೇಕು. ಇದರ ಬಗ್ಗೆ ಶಾಖೆಗಳಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ, ಕೇಳಬೇಕು.

ಉಳಿದ ಎರಡು ಸಣ್ಣವು. ಒಂದು ಜಿಎಸ್‌ಟಿ. ಬಂದ ಹಣಕ್ಕೇ ಶೇ 18 ಜಿಎಸ್‌ಟಿ ಹಾಕುತ್ತಾರೆ ಎಂಬ ಗಾಳಿಮಾತು ಆಗಾಗ ಕೇಳಿಬರುತ್ತದೆ. ಅದು ನಿಜವಲ್ಲ. ತೆರಿಗೆ ಇರುವುದು ಡಾಲರನ್ನು ರೂಪಾಯಿಗೆ ಬದಲಿಸಿಕೊಟ್ಟ ಸೇವೆಗೆ. ಆ ಸೇವೆಯ ಬೆಲೆಯನ್ನು ನಿಯಮವೇ ಗೊತ್ತುಮಾಡಿದೆ, ಬಹಳಷ್ಟು ಬ್ಯಾಂಕುಗಳು ಅನುಸರಿಸುವ ಲೆಕ್ಕ ಇದು: ಒಂದು ಲಕ್ಷ ರೂಪಾಯಿವರೆಗೆ ಮೊತ್ತದ ಶೇ 1, ಕನಿಷ್ಠ 250 ರೂಪಾಯಿ. ಒಂದರಿಂದ ಹತ್ತು ಲಕ್ಷದವರೆಗೆ ಸಾವಿರ ರೂಪಾಯಿ, ಜೊತೆಗೆ ಲಕ್ಷದ ಮೇಲಿನದಕ್ಕೆ ಶೇ ಅರ್ಧ. ಹತ್ತು ಲಕ್ಷ ದಾಟಿದರೆ ಹೆಚ್ಚುವರಿಗೆ ಇನ್ನೂ ಕಡಿಮೆ. ಹೀಗೆ ಬಂದ ಬೆಲೆಯ ಮೇಲೆ ಮಾತ್ರ ಶೇ 18. ನಮ್ಮ ಡಿಸೈನರಿನ 980 ಡಾಲರ್ 83.70ರಂತೆ 82,026 ರೂಪಾಯಿ ಆಯಿತು. ಅದರ ಶೇ 1 ಎಂದರೆ 820 ರೂಪಾಯಿ 26 ಪೈಸೆ, ಅದಕ್ಕೆ ತೆರಿಗೆ 147 ರೂಪಾಯಿ 65 ಪೈಸೆ. ಇನ್ನೊಂದು, ಹಣ ಜಮಾ ಮಾಡಿಕೊಟ್ಟದ್ದಕ್ಕೆ ನಮ್ಮ ಬ್ಯಾಂಕಿನ ಶುಲ್ಕ. ಇಲ್ಲಿ 200, ಜಿಎಸ್‌ಟಿ ಸೇರಿ 236 ರೂಪಾಯಿ.

ಈಗ ಕೂಡಿ ನೋಡಿ. ದಾರಿಯಲ್ಲಿ ಹೋದ 20 ಡಾಲರಿಗೆ 85ರಂತೆ 1,700. ಮಾರ್ಜಿನ್ 1,274. ಜಿಎಸ್‌ಟಿ 147.65. ಬ್ಯಾಂಕ್ ಶುಲ್ಕ 236. ಒಟ್ಟು 3,357 ರೂಪಾಯಿ 65 ಪೈಸೆ. ಒಂದು ಪೈಸೆಯೂ ಲೆಕ್ಕ ತಪ್ಪಿಲ್ಲ. ನಿರೀಕ್ಷಿಸಿದ್ದರಲ್ಲಿ ಹೆಚ್ಚುಕಡಿಮೆ ನೂರಕ್ಕೆ ನಾಲ್ಕು ಹೋಗಿದೆ.

ಅದೇ ಡಿಸೈನರ್ ಐದು ತಿಂಗಳ ಬಿಲ್ ಒಟ್ಟಿಗೆ, 5,000 ಡಾಲರ್ ತರಿಸಿಕೊಂಡಿದ್ದರೆ ಏನಾಗುತ್ತಿತ್ತು? ದಾರಿಯ 20 ಡಾಲರ್ ಅಷ್ಟೇ, ಬ್ಯಾಂಕ್ ಶುಲ್ಕವೂ ಅಷ್ಟೇ. ಜಿಎಸ್‌ಟಿ ಸುಮಾರು 465 ರೂಪಾಯಿ. ಮಾರ್ಜಿನ್ ಮಾತ್ರ 6,474ಕ್ಕೆ ಏರುತ್ತದೆ. ಒಟ್ಟು 8,875 ರೂಪಾಯಿ, ಅಂದರೆ ನೂರಕ್ಕೆ ಎರಡರ ಚಿಲ್ಲರೆ. ಸಣ್ಣ ಮೊತ್ತಕ್ಕೆ ಪೆಟ್ಟು ಕೊಡುವುದು ಗೊತ್ತುಪಡಿಸಿದ ಶುಲ್ಕ, ದೊಡ್ಡ ಮೊತ್ತಕ್ಕೆ ಪೆಟ್ಟು ಕೊಡುವುದು ದರ. ಆದ್ದರಿಂದ ಸಣ್ಣ ಸಣ್ಣ ಬಿಲ್ಲಿನವರು ವೈರ್ ಬಳಸುವುದಾದರೆ ಸಾಧ್ಯವಾದಷ್ಟು ಸೇರಿಸಿ ತರಿಸಿಕೊಳ್ಳಬೇಕು, ದೊಡ್ಡ ಬಿಲ್ಲಿನವರು ದರದ ಬಗ್ಗೆ ಮಾತಾಡಬೇಕು.

ಹಾಗಾದರೆ OUR ಎಂದು ಬರೆಸಿದರೆ ಸಮಸ್ಯೆ ತೀರುತ್ತದೆಯೆ? ಅರ್ಧ ತೀರುತ್ತದೆ. ದಾರಿಯ 20 ಡಾಲರ್ ಉಳಿಯಬಹುದು. ಆದರೆ ದರದ ಮಾರ್ಜಿನ್ನಿಗೂ OUR ಎಂಬುದಕ್ಕೂ ಸಂಬಂಧವೇ ಇಲ್ಲ. ನಮ್ಮ ಬ್ಯಾಂಕಿನ ಶುಲ್ಕವೂ ಎಷ್ಟೋ ಸಲ ಅದರಲ್ಲಿ ಸೇರುವುದಿಲ್ಲ. OUR ಎಂದಿದ್ದರೂ ಮಧ್ಯದ ಬ್ಯಾಂಕು ಮುರಿದುಕೊಂಡ ಉದಾಹರಣೆಗಳೂ ಇವೆ. ಹಾಗಾದಾಗ ಕಳಿಸಿದವರ ಬ್ಯಾಂಕೇ ಅದನ್ನು ಕೇಳಿ ಹಿಂದಕ್ಕೆ ತರಿಸಬೇಕು, ನಾವು ಇಲ್ಲಿಂದ ಕೇಳಲು ಬರುವುದಿಲ್ಲ. ಕೆಲಸದವರು ಬಿಲ್ಲಿನಲ್ಲೇ 'ಎಲ್ಲ ಬ್ಯಾಂಕ್ ಖರ್ಚು ಕಳಿಸುವವರದು, OUR ಎಂದು ಕಳಿಸಿ' ಎಂಬ ಸಾಲು ಸೇರಿಸುವುದು ಒಳ್ಳೆಯದು. ಅದರ ಜೊತೆ ನಮ್ಮ ಬ್ಯಾಂಕಿನ ನ್ಯೂಯಾರ್ಕ್ ನೋಸ್ಟ್ರೋ ಖಾತೆಯ ವಿವರವನ್ನೂ ಕೊಡಬೇಕು. ಬ್ಯಾಂಕಿನ ವೆಬ್‌ಸೈಟಿನಲ್ಲಿ ವಿದೇಶದಿಂದ ಬರುವ ಹಣದ ಸೂಚನೆಗಳ ಪುಟದಲ್ಲಿ ಅದು ಸಿಗುತ್ತದೆ. ಅದಿಲ್ಲದಿದ್ದರೆ ಕಳಿಸುವ ಬ್ಯಾಂಕು ತನಗೆ ತೋಚಿದ ದಾರಿ ಹಿಡಿಯುತ್ತದೆ, ದಾರಿಯಲ್ಲಿ ಬ್ಯಾಂಕೊಂದು ಹೆಚ್ಚಾದರೆ ಕಡಿತವೂ ಒಂದು ಹೆಚ್ಚು.

ಡಾಲರ್ ಬೇಡ, ಅಲ್ಲಿಯೇ ರೂಪಾಯಿಗೆ ಬದಲಿಸಿ ಕಳಿಸಿ ಎಂಬ ಆಯ್ಕೆಯೂ ಕೆಲವು ಬ್ಯಾಂಕುಗಳಲ್ಲಿದೆ. 'ವಿದೇಶಿ ಹಣದಲ್ಲಿ ಕಳಿಸಿದರೆ ಶುಲ್ಕವಿಲ್ಲ' ಎಂದು ಅಲ್ಲಿನ ಬ್ಯಾಂಕು ಹೇಳಿದರೆ ಕಳಿಸುವವರಿಗೆ ಖುಷಿಯಾಗುತ್ತದೆ. ಇಲ್ಲಿ ದರದ ಕಡಿತವೂ ಪರಿವರ್ತನೆಯ ಜಿಎಸ್‌ಟಿಯೂ ಇರುವುದಿಲ್ಲ, ನಿಜ. ಆದರೆ ದರ ಹಾಕುವುದು ಈಗ ಆ ಬ್ಯಾಂಕು. ಮಾರ್ಜಿನ್ ಅಲ್ಲಿಗೆ ಸ್ಥಳ ಬದಲಿಸಿದೆ ಅಷ್ಟೇ, ಎಷ್ಟೋ ಸಲ ದೊಡ್ಡದಾಗಿಯೂ ಇರುತ್ತದೆ. ಶುಲ್ಕ ಬಿಟ್ಟುಕೊಟ್ಟದ್ದಕ್ಕೆ ಕಾರಣವೂ ಅದೇ.

ಇದೇ ಮಾತು ಮನೆಗೆ ಹಣ ಕಳಿಸುವ ಆ್ಯಪ್‌ಗಳಿಗೂ ಅನ್ವಯಿಸುತ್ತದೆ. ನ್ಯೂಜೆರ್ಸಿಯ ಮಗ ಸಾಗರದ ತಾಯಿಗೆ ಹಣ ಕಳಿಸಬೇಕು. ಒಂದು ಸಂಸ್ಥೆ 'ಶುಲ್ಕ ಸೊನ್ನೆ' ಎಂದು 84.30 ದರ ಕೊಡುತ್ತದೆ. ಇನ್ನೊಂದು ಕಳಿಸುವ ಮೊತ್ತದಿಂದ 3 ಡಾಲರ್ ಶುಲ್ಕ ತೆಗೆದು ಉಳಿದದ್ದಕ್ಕೆ 84.80 ಕೊಡುತ್ತದೆ. ಸಾವಿರ ಡಾಲರಿಗೆ ಮೊದಲನೆಯದರಲ್ಲಿ 84,300, ಎರಡನೆಯದರಲ್ಲಿ 84,545 ರೂಪಾಯಿ 60 ಪೈಸೆ. ಶುಲ್ಕ ಇರುವುದೇ ಲಾಭ. ಆದರೆ ಇನ್ನೂರೇ ಡಾಲರ್ ಕಳಿಸಿದರೆ ಮೊದಲನೆಯದರಲ್ಲಿ 16,860, ಎರಡನೆಯದರಲ್ಲಿ 16,705 ರೂಪಾಯಿ 60 ಪೈಸೆ. ಈಗ ಶುಲ್ಕವಿಲ್ಲದ್ದು ಲಾಭ. ಎರಡೂ ಸಮವಾಗುವುದು 509 ಡಾಲರಿನ ಹತ್ತಿರ. 'ಯಾವ ಆ್ಯಪ್ ಒಳ್ಳೆಯದು?' ಎಂಬ ಪ್ರಶ್ನೆಗೆ ಮೊತ್ತ ಕೇಳದೆ ಉತ್ತರ ಕೊಡುವ ಗೆಳೆಯನ ಮಾತು ನಂಬಬೇಡಿ. ಹೊಸಬರಿಗೆ ಮೊದಲ ಸಲ ಮಾತ್ರ ಕೊಡುವ ಆಕರ್ಷಕ ದರ ಎರಡನೆಯ ಸಲಕ್ಕೆ ಇರುವುದಿಲ್ಲ ಎಂಬುದೂ ನೆನಪಿರಲಿ.

ಇಂಥ ಸಂಸ್ಥೆಗಳಲ್ಲಿ ದಾರಿಯ ಕಡಿತ ಸಾಮಾನ್ಯವಾಗಿ ಇರದಿರುವುದಕ್ಕೆ ಕಾರಣ ಸರಳ. ಅವು ಡಾಲರನ್ನು ಅಲ್ಲಿಯೇ ವಸೂಲು ಮಾಡಿಕೊಂಡು, ಭಾರತದ ಬ್ಯಾಂಕಿನಲ್ಲಿ ಮೊದಲೇ ಇಟ್ಟ ರೂಪಾಯಿಯಿಂದ ನೆಫ್ಟ್ ಅಥವಾ ಐಎಂಪಿಎಸ್ ಮೂಲಕ ಇಲ್ಲಿ ಕೊಡುತ್ತವೆ. ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಕೊಲ್ಲಿಯ ಎಕ್ಸ್‌ಚೇಂಜ್ ಮನೆಗಳಿಂದ ಬರುವ ಹಣವೂ ಬಹುತೇಕ ಹೀಗೆಯೇ. ಅಲ್ಲಿನ ಕೌಂಟರಿನಲ್ಲಿ ಹೇಳಿದ ರೂಪಾಯಿ ಇಲ್ಲಿ ಹಾಗೆಯೇ ಬಂದು ಸೇರುತ್ತದೆ, ಹೋಗುವುದೇನಿದ್ದರೂ ಆ ಕೌಂಟರಿನ ದರದಲ್ಲಿ. ಯುಎಇಯಲ್ಲಿರುವವರಿಗೆ ಅದನ್ನು ಅಳೆಯುವುದು ಸುಲಭ. ಅಲ್ಲಿನ ದಿರ್ಹಮ್ ಡಾಲರಿಗೆ 3.6725ರಂತೆ ಕಟ್ಟಿಹಾಕಲ್ಪಟ್ಟಿದೆ. ಡಾಲರ್ 85 ಇದ್ದ ದಿನ ಭಾಗಿಸಿದರೆ ದಿರ್ಹಮಿನ ಮಧ್ಯದರ 23 ರೂಪಾಯಿ 14 ಪೈಸೆ. ಕೌಂಟರಿನಲ್ಲಿ 22.95 ಕೊಟ್ಟರೆ ನೂರಕ್ಕೆ ಒಂದಕ್ಕಿಂತ ಕಡಿಮೆ ಹೋಯಿತು ಎಂದು ಲೆಕ್ಕ. ಅದು ಕೆಟ್ಟ ದರವಲ್ಲ.

ರಿಸರ್ವ್ ಬ್ಯಾಂಕಿನ 2023-24ರ ಸಮೀಕ್ಷೆಯ ಪ್ರಕಾರ ಭಾರತಕ್ಕೆ ಬರುವ ಇಂಥ ಹಣದಲ್ಲಿ ಅತಿ ಹೆಚ್ಚು, ಶೇ 27.7, ಅಮೆರಿಕದಿಂದ ಬರುತ್ತದೆ. ಕರ್ನಾಟಕಕ್ಕೆ ಸೇರುವ ಪಾಲು ಶೇ 7.7. ಆ ಕಾರಣಕ್ಕೇ ಅಮೆರಿಕದ ಒಂದು ನಿಯಮ ನಮ್ಮವರಿಗೆ ಗೊತ್ತಿರಬೇಕು. ಅಕ್ಟೋಬರ್ 2013ರಿಂದ ಅಲ್ಲಿ, ಮನೆಯ ಅಗತ್ಯಕ್ಕೆ ವಿದೇಶಕ್ಕೆ ಹಣ ಕಳಿಸುವ ವ್ಯಕ್ತಿಗೆ ಬ್ಯಾಂಕು ಅಥವಾ ಸಂಸ್ಥೆ ಹಣ ಪಡೆಯುವ ಮೊದಲೇ ಶುಲ್ಕ, ದರ, ಮಧ್ಯದವರ ಕಡಿತ, ಕೊನೆಗೆ ಕೈಸೇರುವ ಮೊತ್ತ ಎಲ್ಲವನ್ನೂ ಬರೆದು ಕೊಡಬೇಕು. ರಸೀತಿಯಲ್ಲಿ Total to Recipient ಎಂಬ ಸಾಲು ಅದೇ. ಅಲ್ಲಿ ಹೇಳಿದ್ದಕ್ಕಿಂತ ಕಡಿಮೆ ತಲುಪಿದರೆ, ಹಣ ಸಿಗಬೇಕಿದ್ದ ದಿನದಿಂದ 180 ದಿನಗಳೊಳಗೆ ಕಳಿಸಿದವರು ತಕರಾರು ಸಲ್ಲಿಸಬಹುದು, ಸಂಸ್ಥೆ ವಿಚಾರಿಸಿ ಸರಿಪಡಿಸಬೇಕು. ಪಡೆಯುವವರ ಬ್ಯಾಂಕು ತಾನಾಗಿ ಮುರಿದುಕೊಳ್ಳುವ ಶುಲ್ಕಕ್ಕೆ ಇದು ಅನ್ವಯಿಸದಿರಬಹುದು, ರಸೀತಿಯಲ್ಲೇ ಆ ಎಚ್ಚರಿಕೆ ಇರುತ್ತದೆ. ಡಾಲರಿನಲ್ಲೇ ಕಳಿಸಿದರೆ ಇಲ್ಲಿನ ಬ್ಯಾಂಕು ಹಾಕುವ ದರವೂ ಆ ರಸೀತಿಗೆ ಬರುವುದಿಲ್ಲ. ಕೆಲವು ಬ್ಯಾಂಕುಗಳಿಗೆ ಅಂದಾಜು ಅಂಕಿ ಬರೆಯಲು ಅನುಮತಿಯೂ ಇದೆ. ಕಂಪನಿ ಕಳಿಸಿದ ಹಣಕ್ಕಂತೂ ಈ ರಕ್ಷಣೆಯೇ ಇಲ್ಲ. ನಮ್ಮ ಧಾರವಾಡದ ಡಿಸೈನರ್ ಇದರ ಹೊರಗೇ ಉಳಿದಳು.

ಜನವರಿ 2026ರಿಂದ ಅಮೆರಿಕದಲ್ಲಿ ಹೊರದೇಶಕ್ಕೆ ಕಳಿಸುವ ಹಣಕ್ಕೆ ಶೇ 1 ತೆರಿಗೆ ಬಂದಿರುವುದರ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಅದು ನಗದು, ಮನಿ ಆರ್ಡರ್, ಕ್ಯಾಷಿಯರ್ಸ್ ಚೆಕ್ ಕೊಟ್ಟು ಕಳಿಸುವವರಿಗೆ. ಅಲ್ಲಿನ ಬ್ಯಾಂಕ್ ಖಾತೆಯಿಂದ ಅಥವಾ ಅಲ್ಲಿನ ಡೆಬಿಟ್, ಕ್ರೆಡಿಟ್ ಕಾರ್ಡಿನಿಂದ ಕಳಿಸಿದರೆ ಇಲ್ಲ. ಕಡಿಮೆ ಬಂದ ಹಣಕ್ಕೆ ಆ ತೆರಿಗೆಯನ್ನು ಕಾರಣ ಹೇಳುವವರನ್ನು ಮತ್ತೊಮ್ಮೆ ಕೇಳಿ.

ಕಡಿತ ಇಲ್ಲಿನ ಬ್ಯಾಂಕಿನದಾಗಿದ್ದು, ಅದರ ಶುಲ್ಕಪಟ್ಟಿಯಲ್ಲಿ ಇಲ್ಲದ್ದು ಅಥವಾ ತಪ್ಪು ದರದ್ದು ಎಂದು ಕಂಡುಬಂದರೆ ಮೊದಲು ಬ್ಯಾಂಕಿಗೇ ಬರವಣಿಗೆಯಲ್ಲಿ ದೂರು ಕೊಡಿ. ದೂರಿಗೆ ಸ್ವಿಫ್ಟ್ ಸಂದೇಶದ ಪ್ರತಿ, ಜಮಾ ಚೀಟಿ, ಅಂದಿನ ಕಾರ್ಡ್ ರೇಟ್ ಪಟ್ಟಿ ಮೂರನ್ನೂ ಲಗತ್ತಿಸಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ನ್ಯೂಯಾರ್ಕಿನ ಮಧ್ಯದ ಬ್ಯಾಂಕು ಮುರಿದ 20 ಡಾಲರ್ ಮಾತ್ರ ಅವರ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ಕಳಿಸುವವರು, ಕಳಿಸುವ ಮೊದಲೇ ತಮ್ಮ ಬ್ಯಾಂಕಿನಲ್ಲಿ ಕೇಳಿ ಇತ್ಯರ್ಥ ಮಾಡಿಕೊಳ್ಳಬೇಕು.